ಪ್ರೋಲಿನ್‌ನ ಕೆಂಪು ಮತ್ತು ಟ್ಯಾಮ್‌ವರ್ತ್‌ನ ಗೋಧಿ: ಬರ ತಾಳುವ ತಳಿ ಹುಡುಕುವಾಗ ಏನನ್ನು ಅಳೆಯಬೇಕು?

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಉತ್ತರ ಭಾಗದಲ್ಲಿ ಟ್ಯಾಮ್‌ವರ್ತ್ ಎಂಬ ಊರಿದೆ. ಸುತ್ತಲಿನ ಬಯಲಲ್ಲಿ ಬಹುಪಾಲು ಎರೆ ಮಣ್ಣು. ಅಲ್ಲಿ ಮಳೆ ಹೆಚ್ಚಾಗಿ ಬೇಸಿಗೆಯಲ್ಲಿ ಬರುತ್ತದೆ, ಗೋಧಿಯನ್ನು ಬಿತ್ತುವುದು ಚಳಿಗಾಲದಲ್ಲಿ. ಹಾಗಾಗಿ ಬೆಳೆ ನಿಂತಿರುವ ಕಾಲದಲ್ಲಿ ಬೀಳುವ ಮಳೆಯಷ್ಟೇ ಅಲ್ಲ, ಬಿತ್ತುವ ಮುಂಚೆ ಭೂಮಿ ಕುಡಿದಿಟ್ಟುಕೊಂಡ ನೀರೂ ಅದರ ಪಾಲಿಗೆ ಮುಖ್ಯ. ವಿಜಯಪುರ, ಬಾಗಲಕೋಟೆ, ಗದಗ ಕಡೆಯ ಓದುಗರಿಗೆ ಈ ಲೆಕ್ಕ ಹೊಸದಲ್ಲ. ನಮ್ಮ ಹಿಂಗಾರಿ ಜೋಳ ಮತ್ತು ಕಡಲೆ ಬದುಕುವುದೂ ಹೀಗೆಯೇ. ಮೇಲಿನ ಒಂದಡಿ ಮಣ್ಣು ಬೂದಿಯಂತೆ ಒಣಗಿ ಬಿರುಕು ಬಿಟ್ಟಿರುತ್ತದೆ, ಅದರ ಕೆಳಗೆ ಎರಡು ಮೂರು ಅಡಿಯಲ್ಲಿ ತೇವ ಇನ್ನೂ ಉಳಿದಿರುತ್ತದೆ. ಆ ತೇವವನ್ನು ಯಾವ ಗಿಡ ಕೊನೆಯವರೆಗೂ ಎಳೆದುಕೊಳ್ಳಬಲ್ಲದೋ ಅದರ ತೆನೆ ತುಂಬುತ್ತದೆ.

ಟ್ಯಾಮ್‌ವರ್ತ್‌ನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಜೆ. ಎಂ. ಮೋರ್ಗನ್ ಎಂಬ ಸಸ್ಯಶಾಸ್ತ್ರಜ್ಞರು ಈ ಒಂದು ಪ್ರಶ್ನೆಯ ಹಿಂದೆ ಎರಡು ದಶಕಕ್ಕೂ ಹೆಚ್ಚು ಕಾಲ ಬಿದ್ದರು. 1977ರಲ್ಲಿ ಅವರ ಮೊದಲ ವರದಿ ಬಂತು. ಕೊನೆಗೆ ಆ ಕೆಲಸ ಒಂದು ಗೋಧಿ ತಳಿಯವರೆಗೆ ಬಂದು ಮುಟ್ಟಿತು. ಬರ ಸಹಿಷ್ಣುತೆಯ ಹೆಸರಲ್ಲಿ ಪ್ರಯೋಗಾಲಯದಲ್ಲಿ ಅಳೆದ ಗುಣವೊಂದು ಹೊಲದವರೆಗೆ ನಡೆದು ಬಂದ ಉದಾಹರಣೆಗಳು ಬಹಳ ಕಡಿಮೆ. ಅದಕ್ಕೇ ಈ ಪ್ರಕರಣವನ್ನು ಬಿಡಿಸಿ ನೋಡುತ್ತಿದ್ದೇನೆ. ಇದೇ ಕಾಲದಲ್ಲಿ, ಇದೇ ಉದ್ದೇಶಕ್ಕೆ, ಪ್ರೋಲಿನ್ ಎಂಬ ಅಮೈನೋ ಆಮ್ಲದ ಹಿಂದೆ ಹೋದವರಿಗೆ ಏನಾಯಿತು ಎಂಬುದನ್ನೂ ಜೊತೆಗಿಟ್ಟು ನೋಡಿದರೆ ಮಾತ್ರ ಮೋರ್ಗನ್ ಮಾಡಿದ್ದರ ಬೆಲೆ ತಿಳಿಯುತ್ತದೆ.

ಗಿಡದೊಳಗೆ ನಡೆಯುವುದು

ಉಪ್ಪಿನಕಾಯಿಗೆ ಮಾವಿನ ಹೋಳು ಹೆಚ್ಚಿ ಉಪ್ಪು ಬೆರೆಸಿಟ್ಟರೆ ಮರುದಿನ ಬೆಳಿಗ್ಗೆ ಭರಣಿಯ ತಳದಲ್ಲಿ ನೀರು ನಿಂತಿರುತ್ತದೆ. ಉಪ್ಪು ಹೊರಗಿತ್ತು, ಆದ್ದರಿಂದ ನೀರು ಹೊರಗೆ ಬಂತು. ಬರ ಬಂದಾಗ ಕೆಲವು ಗಿಡಗಳು ಇದನ್ನೇ ತಿರುವು ಮುರುವು ಮಾಡುತ್ತವೆ. ಜೀವಕೋಶದ ಒಳಗೆ ಪೊಟ್ಯಾಸಿಯಂ, ಸಕ್ಕರೆ, ಅಮೈನೋ ಆಮ್ಲ ಮುಂತಾದ ಕರಗುವ ವಸ್ತುಗಳನ್ನು ಕೂಡಿಹಾಕಿ ನೀರನ್ನು ಒಳಗೆ ಹಿಡಿದಿಟ್ಟುಕೊಳ್ಳುತ್ತವೆ. ಮಣ್ಣು ಒಣಗಿದಂತೆ ಅದು ನೀರನ್ನು ಬಿಗಿಯಾಗಿ ಹಿಡಿಯುತ್ತದೆ. ಗಿಡ ಅದಕ್ಕಿಂತ ಬಿಗಿಯಾಗಿ ಎಳೆಯಬೇಕು. ಒಳಗಿನ ರಸ ಗಟ್ಟಿಯಾದಷ್ಟೂ ಎಳೆತ ಹೆಚ್ಚು, ಕೋಶದ ಬಿಗುಪೂ ಉಳಿಯುತ್ತದೆ. ಬಿಗುಪು ಉಳಿದರೆ ಎಲೆ ಸುರುಳಿ ಸುತ್ತುವುದು ತಡವಾಗುತ್ತದೆ, ಪತ್ರರಂಧ್ರ ಇನ್ನಷ್ಟು ಹೊತ್ತು ತೆರೆದಿರುತ್ತದೆ, ಬೇರಿನ ತುದಿ ಕೆಳಗೆ ಬೆಳೆಯುತ್ತ ಹೋಗುತ್ತದೆ. ಇದನ್ನು ಅಭಿಸರಣ ಹೊಂದಾಣಿಕೆ ಎನ್ನುತ್ತೇವೆ.

ಎಡವುವ ಜಾಗ ಇಲ್ಲೇ ಇದೆ. ಗಿಡ ಏನೂ ಮಾಡದೆ ಸುಮ್ಮನೆ ಬಾಡಿದರೂ ಅದರ ರಸ ಗಟ್ಟಿಯಾಗುತ್ತದೆ. ಹಾಲನ್ನು ಒಲೆಯ ಮೇಲೆ ಬತ್ತಿಸಿದರೆ ಗಟ್ಟಿಯಾಗುವುದಿಲ್ಲವೇ, ಹಾಗೆ. ಸಕ್ಕರೆ ಹಾಕಿದ್ದಕ್ಕೆ ಗಟ್ಟಿಯಾಯಿತೋ, ನೀರು ಆರಿದ್ದಕ್ಕೆ ಗಟ್ಟಿಯಾಯಿತೋ ಎಂದು ಬೇರ್ಪಡಿಸದೆ ಅಳೆದರೆ, ಹೆಚ್ಚು ಬಾಡಿದ ಗಿಡವೇ ಹೆಚ್ಚು ಸಮರ್ಥ ಗಿಡದಂತೆ ಕಾಣುತ್ತದೆ.

ಬೇರ್ಪಡಿಸುವ ಲೆಕ್ಕ ಕಷ್ಟದ್ದಲ್ಲ. ಒಂದು ಉದಾಹರಣೆ ತೆಗೆದುಕೊಳ್ಳೋಣ. ನೀರುಂಡ ಗಿಡದ ಎಲೆಯಲ್ಲಿ, ಅದು ಪೂರ್ತಿ ಬಿಗಿಯಾಗಿದ್ದಾಗ, ರಸದ ಅಭಿಸರಣ ವಿಭವ −1.2 ಮೆಗಾಪಾಸ್ಕಲ್ ಎಂದುಕೊಳ್ಳಿ. ಸಂಖ್ಯೆ ಋಣದತ್ತ ಹೋದಷ್ಟೂ ರಸ ಗಟ್ಟಿ. ಅದೇ ತಳಿಯ ಬರಪೀಡಿತ ಗಿಡದಲ್ಲಿ ಎಲೆಯ ನೀರು ಪೂರ್ಣ ಪ್ರಮಾಣದ 75 ಶೇಕಡಕ್ಕೆ ಇಳಿದಿದೆ. ಗಿಡ ಏನನ್ನೂ ಕೂಡಿಹಾಕದಿದ್ದರೆ ಬರೀ ನೀರು ಆರಿದ್ದರಿಂದಲೇ ವಿಭವ 1.2 ಭಾಗಿಸು 0.75, ಅಂದರೆ −1.6 ಆಗಬೇಕು. ಯಂತ್ರದಲ್ಲಿ −2.1 ಬಂತು ಎನ್ನಿ. ಇದನ್ನು 0.75ರಿಂದ ಗುಣಿಸಿ ಪೂರ್ತಿ ಬಿಗಿಯಾದ ಸ್ಥಿತಿಗೆ ತಂದರೆ ಸುಮಾರು −1.6. ಮೊದಲಿದ್ದ −1.2ಕ್ಕೂ ಇದಕ್ಕೂ ಇರುವ ವ್ಯತ್ಯಾಸ, ಹತ್ತಿರ ಹತ್ತಿರ 0.4 ಮೆಗಾಪಾಸ್ಕಲ್, ಗಿಡದ ಸ್ವಂತ ದುಡಿಮೆ. ಉಳಿದ ಬದಲಾವಣೆಯೆಲ್ಲ ಬಾಡಿದ್ದರ ಫಲ.

ಲೆಕ್ಕದ ಬದಲು ಎಲೆಯನ್ನೇ ಕೇಳಬಹುದು. ಎಲೆ ಕತ್ತರಿಸಿ, ಬುಡವನ್ನು ನೀರಲ್ಲಿ ಅದ್ದಿ, ತಂಪಾದ ಕತ್ತಲಲ್ಲಿ ಕೆಲವು ಗಂಟೆ ಬಿಟ್ಟರೆ ಅದು ಪೂರ್ತಿ ಬಿಗಿಯಾಗುತ್ತದೆ. ಆಮೇಲೆ ಮೇಲಿನ ನೀರನ್ನು ಒತ್ತಿ ಒರೆಸಿ, ಹೆಪ್ಪುಗಟ್ಟಿಸಿ, ಕರಗಿಸಿ, ರಸ ಹಿಂಡಿ, ರಸದ ಗಟ್ಟಿತನ ಅಳೆಯುವ ಆಸ್ಮೋಮೀಟರಿಗೆ ಹಾಕುವುದು. ಒರೆಸುವ ಕೆಲಸವನ್ನು ಯಾರಾದರೂ ಅವಸರದಲ್ಲಿ ಮಾಡಿದರೆ ರಸ ತೆಳುವಾಗಿ ಆ ದಿನದ ಅಳತೆಯೆಲ್ಲ ಹಾಳು. ತುಂಬಾ ಹೊತ್ತು ನೀರಲ್ಲಿ ಬಿಟ್ಟರೂ ಎಲೆ ಕೂಡಿಹಾಕಿದ್ದನ್ನು ಕರಗಿಸಿ ಖರ್ಚು ಮಾಡಿಬಿಡುತ್ತದೆ.

ಕೆಂಪು ಪದರದ ಮೋಹ

ಇಷ್ಟೆಲ್ಲ ರಗಳೆ ಏಕೆ, ಒಂದೇ ವಸ್ತುವನ್ನು ಅಳೆದರೆ ಸಾಲದೇ ಎಂಬ ಆಸೆ ಹುಟ್ಟುವುದು ಸಹಜ. ಬಾಡಿದ ರೈಗ್ರಾಸ್ ಹುಲ್ಲಿನಲ್ಲಿ ಪ್ರೋಲಿನ್ ಏರುತ್ತದೆ ಎಂದು 1954ರಲ್ಲೇ ಕೆಂಬಲ್ ಮತ್ತು ಮ್ಯಾಕ್‌ಫರ್ಸನ್ ಕಂಡಿದ್ದರು. 1972ರಲ್ಲಿ ಸಿಂಗ್, ಆಸ್ಪಿನಾಲ್ ಮತ್ತು ಪೇಲೆಗ್ ಬಾರ್ಲಿ ತಳಿಗಳನ್ನು ಹೋಲಿಸಿ, ಪ್ರೋಲಿನ್ ಶೇಖರಣೆ ಬರ ನಿರೋಧಕತೆಯ ಅಳತೆಗೋಲಾಗಬಹುದು ಎಂದರು. ಮರುವರ್ಷವೇ ಬೇಟ್ಸ್ ಮತ್ತು ಸಂಗಡಿಗರು ಅದನ್ನು ಅಳೆಯುವ ಅಗ್ಗದ ವಿಧಾನ ಕೊಟ್ಟರು. ಅರ್ಧ ಗ್ರಾಂ ಎಲೆಯನ್ನು 3 ಶೇಕಡ ಸಲ್ಫೋಸ್ಯಾಲಿಸಿಲಿಕ್ ಆಮ್ಲದಲ್ಲಿ ಅರೆದು ಸೋಸಿ, ಆ ಸೋಸಿದ್ದಕ್ಕೆ ಆಮ್ಲೀಯ ನಿನ್‌ಹೈಡ್ರಿನ್ ಮತ್ತು ಅಸಿಟಿಕ್ ಆಮ್ಲ ಬೆರೆಸಿ ಒಂದು ಗಂಟೆ ಕುದಿನೀರಲ್ಲಿ ಇಟ್ಟು, ಮಂಜುಗಡ್ಡೆಯಲ್ಲಿ ತಣಿಸಿ, ಟೊಲ್ವೀನ್ ಹಾಕಿ ಕುಲುಕಬೇಕು. ಬಣ್ಣವೆಲ್ಲ ಮೇಲಿನ ಟೊಲ್ವೀನ್ ಪದರಕ್ಕೆ ಏರುತ್ತದೆ. ಅದನ್ನು 520 ನ್ಯಾನೋಮೀಟರ್‌ನಲ್ಲಿ ಓದುವುದು. ನಮ್ಮ ಕೃಷಿ ಕಾಲೇಜುಗಳಲ್ಲಿ ಸಸ್ಯ ಶರೀರಶಾಸ್ತ್ರ ಓದಿದ ಬಹಳಷ್ಟು ಮಂದಿ ಈ ಪ್ರಯೋಗ ಮಾಡಿರುತ್ತಾರೆ.

ನಾನೂ ಮಾಡಿದ್ದೇನೆ. ಹಿಂಗಾರಿ ಜೋಳದ ಸಾಲುಗಳನ್ನು, ಅಂದರೆ ತಳಿಯಾಗುವ ಮುಂಚಿನ ಬೇರೆ ಬೇರೆ ವಂಶಗಳನ್ನು, ಕುಂಡದಲ್ಲಿ ಬೆಳೆಸಿ, ನೀರು ನಿಲ್ಲಿಸಿ, ಐದನೆಯ ದಿನ ಎಲೆ ಕಿತ್ತು ಅಳೆದೆ. ಸ್ಟ್ಯಾಂಡಿನಲ್ಲಿ ಸಾಲಾಗಿ ನಿಂತ ಗಾಜಿನ ನಳಿಕೆಗಳಲ್ಲಿ ಕೆಲವು ತಿಳಿ ಗುಲಾಬಿ, ಕೆಲವು ಕುಂಕುಮದ ನೀರಿನಷ್ಟು ಕೆಂಪು. ಅಷ್ಟು ಸ್ಪಷ್ಟವಾದ ವ್ಯತ್ಯಾಸ ಕಂಡರೆ ಯಾರಿಗಾದರೂ ಖುಷಿಯಾಗುತ್ತದೆ. ಕಡುಗೆಂಪು ಬಂದ ಸಾಲುಗಳನ್ನು ಆರಿಸಿ ಹೊಲಕ್ಕೆ ಹಾಕಿದೆ. ಹೊಲದಲ್ಲಿ ಅವುಗಳಲ್ಲಿ ಹೆಚ್ಚಿನವು ಹೊಡೆ ಬರುವ ಹೊತ್ತಿಗೇ, ಬೆಳಿಗ್ಗೆ ಹತ್ತು ಗಂಟೆಗೆ ಎಲೆ ಸುತ್ತಿಕೊಂಡು ನಿಂತವು. ಪಕ್ಕದಲ್ಲಿದ್ದ ಮಾಲದಂಡಿ ತಳಿಯ ಎಲೆ ಆಗಿನ್ನೂ ಬಿಚ್ಚಿತ್ತು. ಕುಂಡದಲ್ಲಿ ಅದರ ನಳಿಕೆ ತಿಳಿ ಗುಲಾಬಿಯಾಗಿತ್ತು. ದೊಡ್ಡ ಎಲೆಯ, ಬೇಗ ಬೆಳೆಯುವ ಸಾಲುಗಳು ಕುಂಡದ ನೀರನ್ನು ಮೂರೇ ದಿನದಲ್ಲಿ ಹೀರಿ ಮುಗಿಸಿದ್ದವು. ಐದನೆಯ ದಿನ ಅವು ಸಾಯುವ ಹಂತದಲ್ಲಿದ್ದವು. ಮಾಲದಂಡಿಗೆ ಬರ ಇನ್ನೂ ತಟ್ಟಿರಲೇ ಇಲ್ಲ. ನಾನು ಅಳೆದದ್ದು ಸಹಿಷ್ಣುತೆಯನ್ನಲ್ಲ, ಸಂಕಟವನ್ನು. ಒಂದು ಹಿಂಗಾರಿ ಹಂಗಾಮು ಪೂರ್ತಿ ಕಳೆದುಹೋಯಿತು.

ಇದೇ ಮಾತನ್ನು ಬಾರ್ಲಿಯಲ್ಲಿ ಹ್ಯಾನ್‌ಸನ್ ಮತ್ತು ಸಂಗಡಿಗರು 1977ರಲ್ಲೇ ತೋರಿಸಿಯಾಗಿತ್ತು ಎಂಬುದು ನನಗೆ ಆಮೇಲೆ ಓದಿದಾಗ ತಿಳಿಯಿತು. ಅವರು ಎಕ್ಸೆಲ್ಸಿಯರ್ ಮತ್ತು ಪ್ರಾಕ್ಟರ್ ಎಂಬ ಎರಡು ತಳಿಗಳನ್ನು ಎದುರುಬದುರು ನಿಲ್ಲಿಸಿದರು. ಹೆಚ್ಚು ಪ್ರೋಲಿನ್ ಕೂಡಿಹಾಕಿದ್ದು ಬರಕ್ಕೆ ಸೋಲುವ ಪ್ರಾಕ್ಟರ್. ಅದರ ಎಲೆಯ ಜಲವಿಭವ, ಅಂದರೆ ಎಲೆ ಎಷ್ಟು ನೀರಡಿಸಿದೆ ಎಂಬುದರ ಅಳತೆ, ಹೆಚ್ಚು ಕುಸಿದಿತ್ತು, ಅದಕ್ಕೆ ತಕ್ಕಂತೆ ಪ್ರೋಲಿನ್ ಏರಿತ್ತು. ಜ್ವರ ಅಳೆಯುವ ಥರ್ಮಾಮೀಟರಿನಲ್ಲಿ ಹೆಚ್ಚು ಓದು ಬಂದವನೇ ಆರೋಗ್ಯವಂತ ಎಂದು ಯಾರೂ ಹೇಳುವುದಿಲ್ಲ. ಪ್ರೋಲಿನ್ ವಿಷಯದಲ್ಲಿ ಮಾತ್ರ ಇವತ್ತಿಗೂ ಅನೇಕ ಪ್ರಬಂಧಗಳು ಹಾಗೆ ಹೇಳುತ್ತಿವೆ. ಇದು ನನಗೆ ನಿಜಕ್ಕೂ ನೋವಿನ ವಿಷಯ, ಏಕೆಂದರೆ ಅದರ ಹಿಂದೆ ವಿದ್ಯಾರ್ಥಿಗಳ ಎರಡು ಮೂರು ವರ್ಷಗಳ ದುಡಿಮೆ ಇರುತ್ತದೆ.

ಹಾಗಾದರೆ ಪ್ರೋಲಿನ್‌ಗೆ ಕೆಲಸವೇ ಇಲ್ಲವೇ? ಇದೆ, ಆದರೆ ಅದು ಎಲ್ಲಿದೆ ಎಂಬುದನ್ನು ಪ್ರಮಾಣ ಹೇಳುತ್ತದೆ. ಮೇಲೆ ಹೇಳಿದ 0.4 ಮೆಗಾಪಾಸ್ಕಲ್ ಹೊಂದಾಣಿಕೆಗೆ ಪ್ರತಿ ಲೀಟರ್ ರಸದಲ್ಲಿ ಸುಮಾರು 160 ಮಿಲಿಮೋಲ್‌ನಷ್ಟು ಹೊಸ ವಸ್ತು ಬೇಕು. ಒಂದು ಗ್ರಾಂ ಹಸಿ ಎಲೆಯಲ್ಲಿ 20 ಮೈಕ್ರೋಮೋಲ್ ಪ್ರೋಲಿನ್ ಇದೆ ಎಂದಿಟ್ಟುಕೊಂಡರೂ, ಎಲೆಯ ನೀರಿನಲ್ಲಿ ಹಂಚಿದಾಗ ಅದು ಲೀಟರಿಗೆ 25 ಮಿಲಿಮೋಲ್ ಅಷ್ಟೇ. ವಿಭವದ ಲೆಕ್ಕದಲ್ಲಿ 0.06 ಮೆಗಾಪಾಸ್ಕಲ್. ಬೇಕಾದ್ದರ ಆರನೆಯ ಒಂದು ಭಾಗ. ಆದರೆ ಎಲೆಯ ಕೋಶದ ಬಹುಪಾಲು ಜಾಗ ನಡುವಿನ ರಸದಾನಿಯದ್ದು, ಜೀವರಸವಿರುವುದು ಅಂಚಿನ ತೆಳು ಪದರದಲ್ಲಿ. ರಸದಾನಿಯಲ್ಲಿ ಪೊಟ್ಯಾಸಿಯಂ ತುಂಬಿಸಬಹುದು. ಜೀವರಸದಲ್ಲಿ ಅಷ್ಟು ಪೊಟ್ಯಾಸಿಯಂ ತುಂಬಿದರೆ ಕಿಣ್ವಗಳು ಕೆಡುತ್ತವೆ. ಅಲ್ಲಿ ಸಮತೂಕಕ್ಕೆ ಪ್ರೋಲಿನ್‌ನಂಥ ನಿರಪಾಯದ ವಸ್ತು ಬೇಕು. ಆ ತೆಳು ಪದರದಲ್ಲೇ ಕೂಡಿಹಾಕಿದರೆ ಅಷ್ಟೇ ಪ್ರೋಲಿನ್ ಹತ್ತು ಪಟ್ಟು ಗಟ್ಟಿಯಾಗುತ್ತದೆ. ಮಳೆ ಬಂದ ಮೇಲೆ ಗಿಡ ಅದನ್ನು ಮೈಟೋಕಾಂಡ್ರಿಯಾದಲ್ಲಿ ಒಡೆದು ಶಕ್ತಿಯಾಗಿಯೂ ಸಾರಜನಕವಾಗಿಯೂ ಬಳಸಿಕೊಳ್ಳುತ್ತದೆ. ಇಡೀ ಎಲೆಯ ಬಿಗುಪನ್ನು ಹೊರುವ ಹೊಣೆ ಮಾತ್ರ ಅದರದ್ದಲ್ಲ.

ವಂಶವಾಹಿ ಬದಲಿಸಿ ಪ್ರೋಲಿನ್ ಹೆಚ್ಚಿಸುವ ದಾರಿಯೂ ಇದೇ ಪ್ರಶ್ನೆಗೆ ಬಂದು ನಿಂತಿತು. 1995ರಲ್ಲಿ ಕವಿ ಕಿಶೋರ್ ಮತ್ತು ಸಂಗಡಿಗರು ನಮ್ಮ ಮಡಕಿ ಕಾಳಿನ ಪಿ5ಸಿಎಸ್ ವಂಶವಾಹಿಯನ್ನು ತಂಬಾಕಿಗೆ ಸೇರಿಸಿದರು. ಗ್ಲುಟಮೇಟ್‌ನಿಂದ ಪ್ರೋಲಿನ್ ಮಾಡುವ ದಾರಿಯ ಮೊದಲ ಕಿಣ್ವ ಅದು. ತಂಬಾಕಿನಲ್ಲಿ ಪ್ರೋಲಿನ್ 10ರಿಂದ 18 ಪಟ್ಟು ಏರಿತು, ಬರದಲ್ಲಿ ಗಿಡ ಚೆನ್ನಾಗಿ ಬೆಳೆಯಿತು ಎಂದು ವರದಿಯಾಯಿತು. ಮರುವರ್ಷ ಬ್ಲಮ್, ಮನ್ಸ್, ಪಾಸಿಯೂರಾ, ಟರ್ನರ್ ನಾಲ್ವರು ಸೇರಿ ಆ ಅಳತೆಗಳ ಅರ್ಥ ಹೇಗೆ ಮಾಡಬೇಕು ಎಂದು ಪ್ರಶ್ನಿಸಿದರು. ಎಲೆಗಳು ಒಂದೇ ನೀರಿನ ಸ್ಥಿತಿಯಲ್ಲಿದ್ದವೇ ಎಂಬುದೇ ಚರ್ಚೆಯ ಒಂದು ಮುಖ್ಯ ಎಳೆ.

ಟ್ಯಾಮ್‌ವರ್ತ್‌ನಲ್ಲಿ ಮಾಡಿದ್ದು

ಮೋರ್ಗನ್ ಮೊದಲ ಹೆಜ್ಜೆಯಲ್ಲೇ ಈ ಬಲೆಯಿಂದ ತಪ್ಪಿಸಿಕೊಂಡರು. ನೀರು ನಿಲ್ಲಿಸಿ ಎಷ್ಟು ದಿನವಾಯಿತು ಎಂಬ ಲೆಕ್ಕವನ್ನು ಬಿಟ್ಟು, ಎಲೆಯ ಜಲವಿಭವ ಒಂದೇ ಮಟ್ಟಕ್ಕೆ ಇಳಿದಾಗ ತಳಿಗಳನ್ನು ಹೋಲಿಸಿದರು. ಆಗ ಕಂಡದ್ದು ಸ್ಪಷ್ಟವಾಗಿತ್ತು: ಒಂದೇ ಪ್ರಮಾಣದ ಬರದಲ್ಲಿ ಕೆಲವು ಗೋಧಿಗಳು ಬಿಗುಪು ಉಳಿಸಿಕೊಂಡವು, ಕೆಲವು ಬಿಟ್ಟುಕೊಟ್ಟವು. ಕೂಡಿಹಾಕಿದ ವಸ್ತುಗಳಲ್ಲಿ ಪೊಟ್ಯಾಸಿಯಂನದು ದೊಡ್ಡ ಪಾಲು.

ಗುಣ ಇದೆ ಎಂದಾದ ಮೇಲೆ ಅದರಿಂದ ಕಾಳು ಹೆಚ್ಚುತ್ತದೆಯೇ ಎಂದು ತೋರಿಸಬೇಕಿತ್ತು. ಬೇರೆ ಬೇರೆ ತಳಿಗಳನ್ನು ಹೋಲಿಸಿದರೆ ಎತ್ತರ, ಹೂಬಿಡುವ ದಿನ, ತೆನೆಯ ಗಾತ್ರ ಎಲ್ಲವೂ ಬೇರೆಯಾಗಿ ಗೊಂದಲವಾಗುತ್ತದೆ. ಅದಕ್ಕೆ ಹೆಚ್ಚು ಹೊಂದಿಕೊಳ್ಳುವ ಮತ್ತು ಕಡಿಮೆ ಹೊಂದಿಕೊಳ್ಳುವ ಗೋಧಿಗಳನ್ನು ಸಂಕರಿಸಿ ಬಂದ ಸಂತತಿಯನ್ನು ಎರಡು ಗುಂಪು ಮಾಡಿ ಹೊಲದಲ್ಲಿ ಪರೀಕ್ಷಿಸುವ ದಾರಿ ಹಿಡಿದರು. 1980ರ ದಶಕದಲ್ಲಿ ಬಂದ ಅವರ ವರದಿಗಳ ಪ್ರಕಾರ ಒಣ ಪರಿಸರದಲ್ಲಿ ಹೆಚ್ಚು ಹೊಂದಿಕೊಳ್ಳುವ ಗುಂಪಿನ ಇಳುವರಿ ಮೇಲಿತ್ತು. ಕಾರಣವೂ ಮಣ್ಣಿನಲ್ಲೇ ಸಿಕ್ಕಿತು. 1986ರಲ್ಲಿ ಕಾಂಡನ್ ಜೊತೆ ಮಾಡಿದ ಕೆಲಸದಲ್ಲಿ ಹೆಚ್ಚು ಹೊಂದಿಕೊಳ್ಳುವ ಗೋಧಿಗಳು ಮಣ್ಣಿನಿಂದ ಹೆಚ್ಚು ನೀರು ಎತ್ತಿದ್ದವು. ಎಲೆಯ ರಸದ ಲೆಕ್ಕ ಎರೆಯ ತಳದ ತೇವದ ಲೆಕ್ಕಕ್ಕೆ ಸೇರಿದ್ದು ಇಲ್ಲಿ. ಇಡೀ ಪ್ರಕರಣದ ಜೀವಾಳ ಇದೇ ಎಂದು ನನ್ನ ಎಣಿಕೆ. ಆಳದಲ್ಲಿ ತೇವವಿರುವ ಭೂಮಿಯಲ್ಲಿ ಮಾತ್ರ ಗಟ್ಟಿಯಾದ ರಸಕ್ಕೆ ಎಳೆಯಲು ಏನಾದರೂ ಇರುತ್ತದೆ.

1991ರಲ್ಲಿ ಈ ವ್ಯತ್ಯಾಸವನ್ನು ಒಂದೇ ವಂಶವಾಹಿ ನಿಯಂತ್ರಿಸುತ್ತದೆ ಎಂದು ಮೋರ್ಗನ್ ವರದಿ ಮಾಡಿದರು. ಐದು ವರ್ಷಗಳ ನಂತರ ಅದು 7ಎ ವರ್ಣತಂತುವಿನಲ್ಲಿದೆ ಎಂದು ಗುರುತಿಸಲಾಯಿತು. ಬರ ಸಹಿಷ್ಣುತೆಯಂಥ ಗುಣಗಳು ಸಾಮಾನ್ಯವಾಗಿ ಹತ್ತಾರು ವಂಶವಾಹಿಗಳಲ್ಲಿ ಹಂಚಿಹೋಗಿರುತ್ತವೆ. ಒಂದರಲ್ಲಿ ಸಿಕ್ಕಿತೆಂದರೆ ತಳಿಗಾರನಿಗೆ ಅದು ದೊಡ್ಡ ಅನುಕೂಲ. ಆದರೂ ಸಾವಿರಾರು ಗಿಡಗಳಲ್ಲಿ ಆ ವಂಶವಾಹಿ ಯಾವುದರಲ್ಲಿದೆ ಎಂದು ಪತ್ತೆ ಮಾಡುವುದು ಹೇಗೆ? ಪ್ರತಿಯೊಂದನ್ನೂ ನಿಧಾನವಾಗಿ ಒಣಗಿಸಿ, ಎಲೆ ಕಿತ್ತು, ಜಲವಿಭವ ಮತ್ತು ಅಭಿಸರಣ ವಿಭವ ಎರಡನ್ನೂ ಅಳೆಯುವುದು ತಳಿ ಅಭಿವೃದ್ಧಿಯ ವೇಗಕ್ಕೆ ಹೊಂದುವ ಕೆಲಸವಲ್ಲ.

ಅವರು ಕಂಡುಕೊಂಡ ಉತ್ತರ ನನಗೆ ಇವತ್ತಿಗೂ ಬೆರಗು. ಎಲೆಯನ್ನು ಬಿಟ್ಟು ಅವರು ಪರಾಗಕ್ಕೆ ಹೋದರು. 1999ರಲ್ಲಿ ವಿವರಿಸಿದ ಈ ವಿಧಾನದಲ್ಲಿ ಪರಾಗದ ಕಾಳುಗಳನ್ನು ಪಾಲಿಎಥಿಲೀನ್ ಗ್ಲೈಕಾಲ್ ದ್ರಾವಣದಲ್ಲಿ ಹಾಕುತ್ತಾರೆ. ಆ ದೊಡ್ಡ ಅಣು ಕೋಶದೊಳಗೆ ಹೋಗುವುದಿಲ್ಲ, ಹೊರಗಿನಿಂದ ನೀರನ್ನು ಎಳೆಯುತ್ತದೆ, ಅಂದರೆ ಹನಿಯಷ್ಟು ದ್ರಾವಣದಲ್ಲಿ ಬರ ಹುಟ್ಟುತ್ತದೆ. ಜೊತೆಗೆ ಸ್ವಲ್ಪ ಪೊಟ್ಯಾಸಿಯಂ ಕ್ಲೋರೈಡ್. ಹೊಂದಿಕೊಳ್ಳಬಲ್ಲ ಪರಾಗ ಆ ಪೊಟ್ಯಾಸಿಯಂ ಅನ್ನು ಒಳಗೆಳೆದುಕೊಂಡು ದುಂಡಗೆ ಉಳಿಯುತ್ತದೆ, ಉಳಿದದ್ದು ಕುಗ್ಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಅದರ ಗಾತ್ರ ಅಳೆದರೆ ಕೆಲಸ ಮುಗಿಯಿತು. ಪರಾಗದಲ್ಲಿ ಪ್ರತಿಯೊಂದು ವರ್ಣತಂತುವಿನ ಒಂದೇ ಪ್ರತಿ ಇರುವುದರಿಂದ, ಇನ್ನೊಂದು ಪ್ರತಿಯ ಮರೆಯಲ್ಲಿ ಗುಣ ಅಡಗಿಕೊಳ್ಳಲಾರದು. ಮಿಶ್ರ ಗಿಡವಾದರೆ ಅರ್ಧ ಕಾಳು ದುಂಡಗೆ, ಅರ್ಧ ಕುಗ್ಗಿ ಕಾಣಬೇಕು. ಅಪೇಕ್ಷಿತ ಗುಣವನ್ನು ಒಳ್ಳೆಯ ತಳಿಗೆ ಮರುಸಂಕರಣದಿಂದ ತರುವಾಗ ಪ್ರತಿ ಪೀಳಿಗೆಯಲ್ಲೂ ಗಿಡವನ್ನು ಕೊಲ್ಲದೆ, ಒಣಗಿಸದೆ, ಹೂ ಬಿಟ್ಟ ದಿನವೇ ಆರಿಸಬಹುದು.

ಈ ಆಯ್ಕೆಯ ದಾರಿಯಲ್ಲಿ ಬಂದ ತಳಿಯ ಹೆಸರು ಮುಲ್ಗಾರಾ. ಆಸ್ಟ್ರೇಲಿಯಾದ ಒಣ ಪ್ರದೇಶದ ಒಂದು ಚಿಕ್ಕ ಪ್ರಾಣಿಯ ಹೆಸರು ಅದು. ಶರೀರಶಾಸ್ತ್ರದ ಗುಣವೊಂದನ್ನು ಗುರಿಯಾಗಿಟ್ಟು ಆರಿಸಿ, ರೈತರ ಕೈಗೆ ಬಂದ ಗೋಧಿಗಳ ಪಟ್ಟಿ ಮಾಡಿದಾಗ ನೀರಿನ ಬಳಕೆಯ ದಕ್ಷತೆಗಾಗಿ ಆರಿಸಿದ ಡ್ರೈಸ್‌ಡೇಲ್, ರೀಸ್ ಜೊತೆ ಇದರ ಹೆಸರೂ ಬರುತ್ತದೆ. ಪಟ್ಟಿ ಚಿಕ್ಕದು.

ಎಲ್ಲೆಲ್ಲಿ ಈ ದಾರಿ ನಡೆಯುವುದಿಲ್ಲ

ಇಷ್ಟಾದರೂ ಅಭಿಸರಣ ಹೊಂದಾಣಿಕೆ ಎಲ್ಲ ಬೆಳೆಗೂ ಮದ್ದಲ್ಲ. 2002ರಲ್ಲಿ ಸೆರ್ರಾಜ್ ಮತ್ತು ಸಿಂಕ್ಲೇರ್ ಅಲ್ಲಿಯವರೆಗಿನ ವರದಿಗಳನ್ನು ಒಟ್ಟುಮಾಡಿ, ಇಳುವರಿಗೆ ಲಾಭ ಸಿಕ್ಕ ಸಂದರ್ಭಗಳು ವಿರಳ ಎಂದರು. ಲಾಭ ಆಗುವುದಾದರೆ ಬೇರಿನ ಬೆಳವಣಿಗೆ ಮುಂದುವರಿದು ಆಳದ ನೀರು ಸಿಗುವುದರಿಂದ ಎಂಬುದು ಅವರ ವಾದ. ಟರ್ನರ್ ಮತ್ತು ಸಂಗಡಿಗರು 2007ರಲ್ಲಿ ಕಡಲೆಯಲ್ಲಿ ನೋಡಿದಾಗ, ಬೆಳೆಯ ಕೊನೆಗೆ ಬರುವ ಬರದಲ್ಲಿ ಹೊಂದಾಣಿಕೆಯಿಂದ ಇಳುವರಿಗೆ ಲಾಭವೇ ಸಿಗಲಿಲ್ಲ. ಹಿಂಗಾರಿ ಕಡಲೆ ಬೆಳೆಯುವ ನಮಗೆ ಇದು ಗಮನಿಸಬೇಕಾದ ಫಲಿತಾಂಶ. ಗೋಧಿಯಲ್ಲಿ ನಡೆದದ್ದನ್ನು ಕಡಲೆಗೆ ಹಾಗೇ ಹೊರಿಸುವಂತಿಲ್ಲ.

ತೆಳು ಮಣ್ಣಿನ ಮಡ್ಡಿ ಹೊಲದಲ್ಲಿ ಇನ್ನೊಂದು ತೊಂದರೆ. ಕೆಳಗೆ ಒಂದೂವರೆ ಅಡಿಗೇ ಕಲ್ಲು ಬಂದರೆ ಗಟ್ಟಿ ಎಳೆತದಿಂದ ಸಿಗುವ ಹೆಚ್ಚುವರಿ ನೀರು ಒಂದೆರಡು ದಿನಕ್ಕೆ ಸಾಲುವಷ್ಟೇ. ಪತ್ರರಂಧ್ರ ತೆರೆದಿಟ್ಟುಕೊಂಡ ಗಿಡ ಆ ನೀರನ್ನೂ ಬೇಗ ಮುಗಿಸಿ, ಕಾಳು ಹಾಲುಗಟ್ಟುವ ಹೊತ್ತಿಗೆ ಖಾಲಿಯಾಗಿ ನಿಲ್ಲಬಹುದು. ಅಂಥ ಕಡೆ ಬೇಗ ಹೂಬಿಟ್ಟು ಮುಗಿಸುವ ತಳಿಯೇ ಮೇಲು ಎಂದು ನನ್ನ ಅಭಿಪ್ರಾಯ.

ಪರೀಕ್ಷೆಯಲ್ಲೇ ಗುಣ ಕಾಣದೆ ಹೋಗುವುದೂ ಉಂಟು. ಪೊಟ್ಯಾಸಿಯಂ ಎಳೆಯಲು, ಸಕ್ಕರೆ ಕೂಡಿಹಾಕಲು ಗಿಡಕ್ಕೆ ಸಮಯ ಬೇಕು. ಹೊಲದಲ್ಲಿ ಎರೆ ಮಣ್ಣು ವಾರಗಟ್ಟಲೆ ನಿಧಾನವಾಗಿ ಒಣಗುತ್ತದೆ. ಎರಡು ಕೆಜಿ ಮಣ್ಣಿನ ಕುಂಡ ಮೂರ್ನಾಲ್ಕು ದಿನದಲ್ಲಿ ಒಣಗುತ್ತದೆ. ಅಷ್ಟು ವೇಗದಲ್ಲಿ ಒಣಗಿದರೆ ಹೊಂದಿಕೊಳ್ಳಬಲ್ಲ ತಳಿಯೂ ಹೊಂದಿಕೊಳ್ಳುವ ಮುಂಚೆಯೇ ಬಾಡುತ್ತದೆ, ಪ್ರೋಲಿನ್ ಮಾತ್ರ ಎಲ್ಲದರಲ್ಲೂ ಏರುತ್ತದೆ. ನಾನು ಮಾಡಿದ ತಪ್ಪಿನಲ್ಲಿ ಅರ್ಧ ಪಾಲು ಕುಂಡದ್ದೇ.

ಈಗ ಅದೇ ಕೆಲಸವನ್ನು ಬೇರೆ ರೀತಿ ಮಾಡುತ್ತೇನೆ. ಮೂರಡಿ ಉದ್ದದ ಪಿವಿಸಿ ಪೈಪಿಗೆ ಎರೆ ತುಂಬಿ, ತುಂಬ ನೀರುಣಿಸಿ, ಬಿತ್ತಿದ ಮೇಲೆ ಹೊಡೆಯ ಹಂತಕ್ಕೆ ಬರುವವರೆಗೂ ತಾನಾಗಿ ಒಣಗಲು ಬಿಡುತ್ತೇನೆ. ದಿನ ಎಣಿಸುವುದಿಲ್ಲ. ಬೆಳಗಿನ ಜಾವ, ಸೂರ್ಯ ಹುಟ್ಟುವ ಮುಂಚೆ, ಒತ್ತಡ ಪಾತ್ರೆಯಲ್ಲಿ ಎಲೆಯ ಜಲವಿಭವ ನೋಡಿ, ಗೊತ್ತುಮಾಡಿಕೊಂಡ ಮಟ್ಟಕ್ಕೆ ಯಾವ ಸಾಲು ಇಳಿದಿದೆಯೋ ಆ ದಿನ ಆ ಸಾಲಿನ ಎಲೆ ಮಾತ್ರ ಕೀಳುತ್ತೇನೆ. ಒಂದು ಸಾಲು ಬೇಗ ಬರುತ್ತದೆ, ಇನ್ನೊಂದು ಹತ್ತು ದಿನ ತಡವಾಗಿ. ಅದೇ ಎಲೆಯ ಅರ್ಧ ನೀರಿಗೆ, ಆಸ್ಮೋಮೀಟರಿಗೆ, ಇನ್ನರ್ಧ ಪ್ರೋಲಿನ್‌ಗೆ. ಹೀಗೆ ಮಟ್ಟ ಸಮಮಾಡಿ ಕಿತ್ತಾಗ ನಳಿಕೆಗಳ ಕೆಂಪು ಬಹುತೇಕ ಒಂದೇ ಆಗಿಬಿಡುತ್ತದೆ. ಆಸ್ಮೋಮೀಟರಿನ ಅಂಕಿಗಳಲ್ಲಿ ಮಾತ್ರ ವ್ಯತ್ಯಾಸ ಉಳಿಯುತ್ತದೆ. ಕೊನೆಗೆ ಪೈಪನ್ನು ಉದ್ದಕ್ಕೆ ಸೀಳಿ, ಅರ್ಧರ್ಧ ಅಡಿಗೆ ಮಣ್ಣು ತೆಗೆದು ತೂಗಿ ಒಣಗಿಸಿ ನೋಡಿದಾಗ, ಆ ಅಂಕಿ ಹೆಚ್ಚಿದ್ದ ಸಾಲಿನ ಪೈಪಿನ ತಳದ ಮಣ್ಣು ಎಷ್ಟು ಒಣಗಿದೆ ಎಂಬುದೇ ನನಗೆ ಬೇಕಾದ ಉತ್ತರ. ತಳ ಇನ್ನೂ ಕೈಗೆ ಅಂಟುವಷ್ಟು ಹಸಿಯಾಗಿದ್ದರೆ ಆ ಸಾಲನ್ನು, ರಸದ ಅಂಕಿ ಏನೇ ಇರಲಿ, ಹೊಲಕ್ಕೆ ಒಯ್ಯುವುದಿಲ್ಲ.